ಟ್ರಂಕಿಗೆ ಬಣ್ಣ ಹಚ್ಚುವ ಮೊದಲು

ದಿನಸಿ ಅಂಗಡಿ ಶೆಟ್ಟರ ಮಗಳು ಅಟ್ಟದಿಂದ ಅಜ್ಜಿಯ ಕಬ್ಬಿಣದ ಟ್ರಂಕು ಇಳಿಸಿದಳು. "ಗುಜರಿಗೆ ಹಾಕಮ್ಮ" ಎಂದರು ಶೆಟ್ಟರು. ಅವಳು ಮಾತಾಡದೆ ಸ್ಕ್ರೂಡ್ರೈವರ್ ತುದಿಯಿಂದ ತಳವನ್ನೆಲ್ಲ ಒತ್ತಿ ನೋಡಿದಳು. ಎಲ್ಲೂ ತೂತು ಬೀಳಲಿಲ್ಲ. ನೀವೂ ಮೊದಲು ಇದನ್ನೇ ಮಾಡಿ. ತಗಡೇ ತಿಂದುಹೋಗಿದ್ದರೆ ಬಣ್ಣ ಹಚ್ಚಿ ಪ್ರಯೋಜನವಿಲ್ಲ, ವೆಲ್ಡಿಂಗ್‌ನವರ ಹತ್ತಿರ ಒಯ್ಯಬೇಕು.

ಹಳೇ ಬಣ್ಣದಲ್ಲಿ ಸೀಸ ಇರಬಹುದು. ಅದಕ್ಕೇ ಅವಳು ಮಾಸ್ಕ್ ಹಾಕಿಕೊಂಡು, ಹಿತ್ತಲಲ್ಲಿ, ಧೂಳು ಏಳದಂತೆ ತಗಡನ್ನು ಒದ್ದೆ ಮಾಡಿಕೊಂಡು ತಂತಿ ಬ್ರಷ್ಷಿನಿಂದ ಉಜ್ಜಿದಳು. ಆಮೇಲೆ ಎಮರಿ ಪೇಪರ್. ಕೂಡಲೇ ಒರೆಸಿ ಬಿಸಿಲಿಗಿಟ್ಟಳು.

ಎಡವಿದ್ದು ಮುಚ್ಚಳದಲ್ಲಿ. ಅಂಗಡಿಯಲ್ಲಿದ್ದ ಸೀಮೆಎಣ್ಣೆಯಿಂದ ಒರೆಸಿ ರೆಡ್ ಆಕ್ಸೈಡ್ ಪ್ರೈಮರ್ ಬಳಿದಳು. ಮರುದಿನ ಉಗುರು ತಾಗಿಸಿದರೆ ಪ್ರೈಮರ್ ಸಿಪ್ಪೆಯಂತೆ ಎದ್ದುಬಂತು. ಸೀಮೆಎಣ್ಣೆ ಜಿಡ್ಡು ಬಿಡುತ್ತದೆ, ಅದರ ಮೇಲೆ ಬಣ್ಣ ಕಚ್ಚುವುದಿಲ್ಲ. ಮತ್ತೆ ಉಜ್ಜಿ, ಬೆಂಕಿಯಿಂದ ದೂರದಲ್ಲಿ ಥಿನ್ನರ್ ಬಟ್ಟೆಯಿಂದ ಒರೆಸಿ, ಅಂದೇ ಪ್ರೈಮರ್ ಹಚ್ಚಿದಳು. ಬರಿ ಕಬ್ಬಿಣವನ್ನು ಮಳೆಗಾಲದಲ್ಲಿ ಒಂದು ರಾತ್ರಿ ಬಿಟ್ಟರೂ ಸಾಕು, ಕೆಂಪು ಪುಡಿ ಮರಳಿ ಬರುತ್ತದೆ.

ಎನಾಮಲ್ ಬಣ್ಣ ಎರಡು ಸಲ, ತೆಳ್ಳಗೆ, ನಡುವೆ ಒಂದು ದಿನ ಬಿಟ್ಟು ಹಚ್ಚಿ. ದಪ್ಪ ಬಳಿದರೆ ಮೇಲೆ ಒಣಗಿ ಒಳಗೆ ಅಂಟಾಗಿಯೇ ಉಳಿಯುತ್ತದೆ. ತಳದ ಮಡಿಕೆಗಳನ್ನು ಮಾತ್ರ ಮರೆಯಬೇಡಿ, ತೇವ ನಿಲ್ಲುವುದೇ ಅಲ್ಲಿ. ಅವಳಂತೂ ಟ್ರಂಕನ್ನು ನೆಲಕ್ಕೆ ತಾಗಿಸದೆ ಎರಡು ಮರದ ಪಟ್ಟಿಗಳ ಮೇಲಿಟ್ಟಿದ್ದಾಳೆ. ಈಗ ಶೆಟ್ಟರು ಅದರಲ್ಲೇ ಲೆಕ್ಕದ ಪುಸ್ತಕ ಇಡುತ್ತಾರೆ.