ಚಕ್ರಬಡ್ಡಿಯ ಬೆಳವಣಿಗೆ ಮತ್ತು ಎಪ್ಪತ್ತೆರಡರ ಸೂತ್ರ

ಅಂಚೆ ಕಚೇರಿಯ ಕಿಸಾನ್ ವಿಕಾಸ ಪತ್ರಕ್ಕೆ 2023ರ ಏಪ್ರಿಲ್ 1ರಿಂದ ನಿಗದಿಯಾದ ಬಡ್ಡಿ ವಾರ್ಷಿಕ ಶೇ. 7.5. ತೊಡಗಿಸಿದ ಹಣವು ದುಪ್ಪಟ್ಟಾಗಲು ಬೇಕಾದ ಅವಧಿ 115 ತಿಂಗಳು, ಎಂದರೆ 9 ವರ್ಷ 7 ತಿಂಗಳು ಎಂದು ಆಗ ಪ್ರಕಟಿಸಲಾಯಿತು. ಈ 115 ಎಂಬ ಅಂಕಿ ಎಲ್ಲಿಂದ ಬಂತೆಂಬ ಪ್ರಶ್ನೆ ಸ್ವಸಹಾಯ ಸಂಘಗಳ ಸಭೆಗಳಲ್ಲಿ ಸಹಜವಾಗಿಯೇ ಏಳುತ್ತದೆ. ನೂರು ರೂಪಾಯಿಗೆ ವರ್ಷಕ್ಕೆ ಏಳೂವರೆ ರೂಪಾಯಿಯಾದರೆ, ಇನ್ನೊಂದು ನೂರು ಸೇರಲು ಹದಿಮೂರು ವರ್ಷಕ್ಕೂ ಹೆಚ್ಚು ಕಾಲ ಬೇಕಲ್ಲವೇ?

ಸರಳಬಡ್ಡಿಯಾಗಿದ್ದರೆ ಹೌದು. ಅಲ್ಲಿ 10,000 ರೂಪಾಯಿ ಅಸಲಿಗೆ ಪ್ರತಿ ವರ್ಷವೂ 750 ರೂಪಾಯಿ ಮಾತ್ರ ಸೇರುತ್ತದೆ. ದುಪ್ಪಟ್ಟಾಗಲು 13 ವರ್ಷ 4 ತಿಂಗಳು ಬೇಕಾಗುತ್ತದೆ. ಚಕ್ರಬಡ್ಡಿಯಲ್ಲಿ ವರ್ಷದ ಕೊನೆಗೆ ಬಂದ ಬಡ್ಡಿಯು ಅಸಲಿನೊಳಗೆ ಸೇರಿಕೊಳ್ಳುತ್ತದೆ ಮತ್ತು ಮರುವರ್ಷ ಅದಕ್ಕೂ ಬಡ್ಡಿ ಹುಟ್ಟುತ್ತದೆ. ಮೊದಲ ವರ್ಷಾಂತ್ಯಕ್ಕೆ 10,750 ರೂಪಾಯಿ. ಎರಡನೆಯ ವರ್ಷದ ಬಡ್ಡಿಯನ್ನು ಈ ಮೊತ್ತದ ಮೇಲೆ ಲೆಕ್ಕ ಹಾಕುವುದರಿಂದ ಅದು 806 ರೂಪಾಯಿ 25 ಪೈಸೆಯಾಗಿ, ಒಟ್ಟು 11,556 ರೂಪಾಯಿ 25 ಪೈಸೆಯಾಗುತ್ತದೆ. ಆರಂಭದಲ್ಲಿ ವ್ಯತ್ಯಾಸವು ಅತ್ಯಲ್ಪ. ಐದನೆಯ ವರ್ಷದ ಬಡ್ಡಿ ಸಾವಿರ ರೂಪಾಯಿ ದಾಟುತ್ತದೆ, ಒಂಬತ್ತನೆಯ ವರ್ಷದ್ದು 1,338 ರೂಪಾಯಿಯಷ್ಟಾಗುತ್ತದೆ. ಆ ವರ್ಷದ ಕೊನೆಗೆ ಮೊತ್ತ 19,172 ರೂಪಾಯಿ. ಉಳಿದ ಏಳು ತಿಂಗಳಿಗೆ ಸುಮಾರು 839 ರೂಪಾಯಿ ಸೇರಿದರೆ ಇಪ್ಪತ್ತು ಸಾವಿರ ಪೂರ್ಣವಾಗುತ್ತದೆ.

ಇಷ್ಟು ಗುಣಾಕಾರವನ್ನು ಮಾಡದೆಯೇ ಅವಧಿಯನ್ನು ಅಂದಾಜು ಮಾಡುವ ವಿಧಾನವೇ ಎಪ್ಪತ್ತೆರಡರ ಸೂತ್ರ. 72ನ್ನು ಬಡ್ಡಿದರದಿಂದ ಭಾಗಿಸಬೇಕು. 72ನ್ನು 7.5ರಿಂದ ಭಾಗಿಸಿದರೆ 9.6 ವರ್ಷ, ಅಂದರೆ 115 ತಿಂಗಳು ಮತ್ತು ಕೆಲವು ದಿನ. ಇಟಲಿಯ ಗಣಿತಜ್ಞ ಲೂಕಾ ಪಾಚೋಲಿಯವರು 1494ರಲ್ಲಿ ಮುದ್ರಿಸಿದ ಗ್ರಂಥದಲ್ಲಿಯೂ ಈ ಸೂತ್ರದ ಉಲ್ಲೇಖವಿದೆ. ದರ ಅತಿ ಕಡಿಮೆಯಿದ್ದಾಗ ನಿಜಕ್ಕೆ ಹೆಚ್ಚು ಸಮೀಪದ ಸಂಖ್ಯೆ 69.3. ಆದರೆ ಶೇ. 8ರ ಆಸುಪಾಸಿನಲ್ಲಿ 72 ಚೆನ್ನಾಗಿ ಹೊಂದುತ್ತದೆ. ಮೇಲಾಗಿ 2, 3, 4, 6, 8, 9, 12 ಇವೆಲ್ಲವುಗಳಿಂದ ಶೇಷವಿಲ್ಲದೆ ಭಾಗವಾಗುವುದರಿಂದ ಬಾಯಿಲೆಕ್ಕಕ್ಕೆ ಅನುಕೂಲ.

ದರ ಏರಿದಂತೆ ಸೂತ್ರವು ಅವಧಿಯನ್ನು ಕಡಿಮೆಯಾಗಿ ತೋರಿಸುತ್ತದೆ. ಶೇ. 20ಕ್ಕೆ ಅದು ಹೇಳುವುದು 3.6 ವರ್ಷ, ವಾಸ್ತವವಾಗಿ ಬೇಕಾಗುವುದು 3.8 ವರ್ಷ. ಎಂಟಕ್ಕಿಂತ ಮೇಲಿನ ಪ್ರತಿ ಮೂರು ಅಂಶಕ್ಕೆ 72ಕ್ಕೆ ಒಂದನ್ನು ಕೂಡಿಸಿದರೆ ಈ ಕೊರತೆ ನೀಗುತ್ತದೆ: ಇಲ್ಲಿ 76ನ್ನು 20ರಿಂದ ಭಾಗಿಸಿದರೆ 3.8 ಬರುತ್ತದೆ.

ಉಳಿತಾಯಕ್ಕೆ ಅನ್ವಯಿಸುವ ಇದೇ ಲೆಕ್ಕ ಸಾಲಕ್ಕೂ ಅನ್ವಯಿಸುತ್ತದೆ. ಗ್ರಾಮಗಳಲ್ಲಿ ಕೈಸಾಲದ ಬಡ್ಡಿಯನ್ನು ಸಾಮಾನ್ಯವಾಗಿ ತಿಂಗಳ ಲೆಕ್ಕದಲ್ಲಿ ಹೇಳಲಾಗುತ್ತದೆ. 'ಮೂರು ರೂಪಾಯಿ ಬಡ್ಡಿ' ಎಂದರೆ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ. ದರ ತಿಂಗಳದ್ದಾದರೆ ಸೂತ್ರದಿಂದ ಬರುವ ಉತ್ತರವೂ ತಿಂಗಳಲ್ಲಿಯೇ ಇರುತ್ತದೆ: 72ನ್ನು 3ರಿಂದ ಭಾಗಿಸಿದರೆ 24 ತಿಂಗಳು. ಇದನ್ನು 24 ವರ್ಷವೆಂದು ಗ್ರಹಿಸಿ ಮೂರು ರೂಪಾಯಿ ಬಡ್ಡಿಯನ್ನು ಬ್ಯಾಂಕಿನ ಶೇ. 9ಕ್ಕಿಂತ ಅಗ್ಗವೆಂದು ತಿಳಿಯುವುದು ಅತ್ಯಂತ ದುಬಾರಿಯಾದ ತಪ್ಪು. 10,000 ರೂಪಾಯಿ ಸಾಲ ಪಡೆದು ಏನನ್ನೂ ಕಟ್ಟದಿದ್ದು, ಬಡ್ಡಿಯನ್ನು ತಿಂಗಳು ತಿಂಗಳೂ ಅಸಲಿಗೆ ಸೇರಿಸಿದರೆ, ವರ್ಷಕ್ಕೆ ಬಾಕಿ 14,258 ರೂಪಾಯಿಯಾಗುತ್ತದೆ. ಎರಡು ವರ್ಷಕ್ಕೆ 20,328 ರೂಪಾಯಿ. ಸರಳಬಡ್ಡಿಯಾದರೆ ಎರಡು ವರ್ಷಕ್ಕೆ 17,200 ರೂಪಾಯಿ.

ಸಾಲಕ್ಕೆ ಹಾಕಿರುವುದು ಯಾವ ಬಡ್ಡಿಯೆಂದು ತಿಳಿಯಲು ಎರಡನೆಯ ತಿಂಗಳ ಲೆಕ್ಕವನ್ನು ನೋಡಿದರೆ ಸಾಕು. ಮೊದಲ ತಿಂಗಳ ಬಡ್ಡಿಯಾದ 300 ರೂಪಾಯಿ ಕಟ್ಟದೆ ಉಳಿದಿದ್ದು, ಎರಡನೆಯ ತಿಂಗಳಿಗೂ 300 ರೂಪಾಯಿಯನ್ನೇ ಬರೆದಿದ್ದರೆ ಅದು ಸರಳಬಡ್ಡಿ. 309 ರೂಪಾಯಿ ಬರೆದಿದ್ದರೆ ಚಕ್ರಬಡ್ಡಿ. ಆ ಒಂಬತ್ತು ರೂಪಾಯಿ ಬಡ್ಡಿಯ ಮೇಲಿನ ಬಡ್ಡಿ. ಸಾಲಗಾರರು ಪ್ರತಿ ತಿಂಗಳು 300 ರೂಪಾಯಿಯನ್ನು ತಪ್ಪದೆ ಕಟ್ಟುತ್ತಿದ್ದಲ್ಲಿ ಬಾಕಿಯು 10,000 ರೂಪಾಯಿಯಲ್ಲಿಯೇ ನಿಲ್ಲುವುದರಿಂದ ಸೂತ್ರಕ್ಕೆ ಅಲ್ಲಿ ಕೆಲಸವಿಲ್ಲ. ಆದರೂ 34ನೆಯ ತಿಂಗಳಿಗೆ ಅವರು ಬಡ್ಡಿಯಾಗಿಯೇ 10,200 ರೂಪಾಯಿ ಪಾವತಿಸಿರುತ್ತಾರೆ, ಅಸಲು ಹಾಗೆಯೇ ಉಳಿದಿರುತ್ತದೆ. ಠೇವಣಿಯ ಬಡ್ಡಿಯನ್ನು ವರ್ಷವರ್ಷವೂ ಹಿಂಪಡೆಯುವವರ ಹಣವೂ ಇದೇ ಕಾರಣಕ್ಕೆ ದುಪ್ಪಟ್ಟಾಗುವುದಿಲ್ಲ.