25 ಟನ್ ಅರಿಶಿನಕ್ಕೆ ಎಷ್ಟು ಲಾಟ್ ಮಾರಬೇಕು?

ಗುಂಡ್ಲುಪೇಟೆ, ಚಾಮರಾಜನಗರ ಕಡೆಯ ನಮ್ಮ ಅರಿಶಿನ ಹೆಚ್ಚಾಗಿ ಈರೋಡಿಗೆ ಹೋಗುತ್ತದೆ. ಆದರೆ ಎನ್‌ಸಿಡಿಇಎಕ್ಸ್‌ನ ಅರಿಶಿನ ಫ್ಯೂಚರ್ಸ್ ನಡೆಯುವುದು ನಿಜಾಮಾಬಾದ್ ಮಾಲಿನ ಲೆಕ್ಕದಲ್ಲಿ. ಎರಡು ಊರಿನ ದರ ಒಂದೇ ದಿಕ್ಕಿಗೆ ಹೋದರೂ ಒಂದೇ ಅಳತೆಯಲ್ಲಿ ಹೋಗುವುದಿಲ್ಲ. ಹಾಗಾಗಿ ‘ನನ್ನ ಹತ್ತಿರ 25 ಟನ್ ಇದೆ, 25 ಟನ್ ಫ್ಯೂಚರ್ಸ್ ಮಾರಿಬಿಟ್ಟರೆ ದರ ಬಿದ್ದರೂ ಚಿಂತೆಯಿಲ್ಲ’ ಅನ್ನೋದು ಪೂರ್ತಿ ಸರಿಯಲ್ಲ. ಎಷ್ಟು ಮಾರಿದರೆ ನಮ್ಮ ಆದಾಯದ ಏರಿಳಿತ ಅತಿ ಕಡಿಮೆ ಆಗುತ್ತದೋ ಆ ಪಾಲಿಗೆ ಕನಿಷ್ಠ ಏರಿಳಿತದ ಹೆಡ್ಜ್ ಅನುಪಾತ ಅನ್ನುತ್ತಾರೆ. ಹೆಸರು ಉದ್ದ, ಲೆಕ್ಕ ಮೊಬೈಲಿನಲ್ಲೇ ಆಗುತ್ತದೆ.

ಶೀಟ್ ಆ್ಯಪ್ ತೆರೆಯಿರಿ. ಪ್ರತಿ ವಾರ ಒಂದೇ ದಿನದ ಈರೋಡ್ ದರ ಮತ್ತು ಫ್ಯೂಚರ್ಸ್ ದರ ಬರೆದುಕೊಳ್ಳಿ. ನಮಗೆ ಬೇಕಾದದ್ದು ದರವಲ್ಲ, ಹಿಂದಿನ ವಾರಕ್ಕಿಂತ ಎಷ್ಟು ಏರಿತು, ಎಷ್ಟು ಇಳಿಯಿತು ಅನ್ನೋ ವ್ಯತ್ಯಾಸ. ಬರೀ ದರಗಳನ್ನೇ ಹಾಕಿದರೆ ಎರಡೂ ಒಟ್ಟಿಗೆ ಏರಿದ ವರ್ಷದಲ್ಲಿ ಇಲ್ಲದ ನಂಟು ಇದ್ದಂತೆ ಕಾಣುತ್ತದೆ. ಲೆಕ್ಕ ತಿಳಿಯಲೆಂದು ನಾನೇ ಆರು ವಾರದ ಅಂಕಿ ಇಟ್ಟಿದ್ದೇನೆ. ಇವು ನಿಜವಾದ ಪೇಟೆ ದರ ಅಲ್ಲ.

| ವಾರ | ಈರೋಡ್ (ರೂ./ಕ್ವಿಂಟಲ್) | ಫ್ಯೂಚರ್ಸ್ (ರೂ./ಕ್ವಿಂಟಲ್) |
|---|---|---|
| 1 | +400 | +400 |
| 2 | −100 | −300 |
| 3 | −100 | +200 |
| 4 | −300 | −500 |
| 5 | +300 | +500 |
| 6 | −200 | −300 |

ಈರೋಡ್ ಅಂಕಿ B ಸಾಲಿನಲ್ಲಿ, ಫ್ಯೂಚರ್ಸ್ ಅಂಕಿ C ಸಾಲಿನಲ್ಲಿ ಇದ್ದರೆ ಹೀಗೆ ಬರೆಯಿರಿ:

```
=SLOPE(B2:B7, C2:C7)
=RSQ(B2:B7, C2:C7)
```

ಮೊದಲನೆಯದು 0.60 ಕೊಡುತ್ತದೆ. ಅಂದರೆ ಫ್ಯೂಚರ್ಸ್ 100 ರೂಪಾಯಿ ಅಲ್ಲಾಡಿದಾಗ ಈರೋಡ್ ಸರಾಸರಿ 60 ರೂಪಾಯಿ ಅಲ್ಲಾಡಿದೆ. ಇದೇ ನಮ್ಮ ಅನುಪಾತ. SLOPE ಒಳಗೆ ನಮ್ಮ ಪೇಟೆ ಮೊದಲು, ಫ್ಯೂಚರ್ಸ್ ಆಮೇಲೆ. ತಿರುಗಿಸಿದರೆ ಉತ್ತರ ಬೇರೆಯೇ ಬರುತ್ತದೆ.

25 ಟನ್ನಿಗೆ 0.60 ಅಂದರೆ 15 ಟನ್. ಲಾಟ್ 5 ಟನ್ನಿನದು ಅಂದುಕೊಂಡರೆ ಮೂರು ಲಾಟ್ ಮಾರಬೇಕು, ಐದಲ್ಲ. ಫ್ಯೂಚರ್ಸ್ ಕ್ವಿಂಟಲಿಗೆ 1,000 ರೂಪಾಯಿ ಬಿದ್ದರೆ ಈರೋಡ್ ಸುಮಾರು 600 ಬೀಳಬಹುದು. ಗೋದಾಮಿನ 250 ಕ್ವಿಂಟಲಿಗೆ 1,50,000 ನಷ್ಟ, ಮಾರಿದ 150 ಕ್ವಿಂಟಲ್ ಫ್ಯೂಚರ್ಸ್‌ನಲ್ಲಿ 1,50,000 ಲಾಭ.

ಇದೇ ಆರು ವಾರಕ್ಕೆ ಮೂರು ದಾರಿಯನ್ನೂ ಹಾಕಿ ನೋಡಿದೆ. ಏನೂ ಮಾರದೆ ಇದ್ದರೆ ವಾರದ ಏರಿಳಿತ ಕ್ವಿಂಟಲಿಗೆ ಸುಮಾರು 283 ರೂಪಾಯಿ (STDEV ಲೆಕ್ಕ). ಐದೂ ಲಾಟ್ ಮಾರಿದರೆ 210. ಮೂರೇ ಲಾಟ್ ಮಾರಿದರೆ 127. ಹೆಚ್ಚು ಮಾರಿದ ಎರಡು ಲಾಟ್ ರಕ್ಷಣೆ ಕೊಡುವುದಿಲ್ಲ, ಅದು ದರ ಬೀಳುತ್ತದೆ ಅಂತ ಕಟ್ಟಿದ ಪಂದ್ಯ.

RSQ ಇಲ್ಲಿ 0.80 ಬರುತ್ತದೆ. 80 ಪಾಲು ಅಪಾಯ ಹೋಯಿತು ಅಂತ ಬ್ರೋಕರ್ ಹೇಳಿದರೆ ಸ್ವಲ್ಪ ತಡೆಯಿರಿ. ಆ ಅಂಕಿ ಏರಿಳಿತದ ವರ್ಗದ ಮೇಲಿನದು. ರೂಪಾಯಿಯಲ್ಲಿ 283 ಇದ್ದದ್ದು 127 ಆಗಿದೆ, ಅಂದರೆ 45 ಪಾಲು ಉಳಿದೇ ಇದೆ. ಮೂರನೇ ವಾರ ನೋಡಿ, ಫ್ಯೂಚರ್ಸ್ ಏರಿದೆ, ಈರೋಡ್ ಇಳಿದಿದೆ. ಅಂಥ ವಾರ ಎರಡೂ ಕಡೆ ಏಟು ಬೀಳುತ್ತದೆ, ಯಾವ ಅನುಪಾತವೂ ಅದನ್ನು ತಡೆಯುವುದಿಲ್ಲ. RSQ 0.3, 0.4ರಷ್ಟೇ ಬಂದರೆ ನಾನಂತೂ ಹೆಡ್ಜ್ ಮಾಡಿ ಅನ್ನೋದಿಲ್ಲ.

ಆರು ವಾರ ಪಾಠಕ್ಕೆ ಸಾಕು, ಹಣಕ್ಕೆ ಸಾಲದು. ಕನಿಷ್ಠ 30 ವಾರ ಇರಲಿ. ಕೊಂಬಿನ ದರ ಹಿಡಿದರೆ ಕೊನೆವರೆಗೂ ಕೊಂಬೇ ಇರಲಿ, ನಡುವೆ ಗೆಡ್ಡೆಯ ದರ ಸೇರಬಾರದು. ಫ್ಯೂಚರ್ಸ್‌ನಲ್ಲಿ ಒಂದು ತಿಂಗಳ ಕರಾರು ಮುಗಿದು ಮುಂದಿನದಕ್ಕೆ ದಾಟುವಾಗ ದರ ಜಿಗಿದಂತೆ ಕಾಣುತ್ತದೆ. ಅದು ಪೇಟೆಯ ಏರಿಕೆ ಅಲ್ಲ, ಆ ವಾರದ ಸಾಲು ಅಳಿಸಿಬಿಡಿ. ಹಳೆಯ 15 ವಾರಕ್ಕೂ ಹೊಸ 15 ವಾರಕ್ಕೂ ಬೇರೆ ಬೇರೆ SLOPE ತೆಗೆದು ನೋಡಿ. ಒಂದು 0.9, ಇನ್ನೊಂದು 0.3 ಬಂದರೆ ನಡುವಿನ 0.6 ನಂಬುವಂಥದ್ದಲ್ಲ.

ಇನ್ನು ಕೈಕಾಸಿನ ಮಾತು. ದರ ಏರಿದರೆ ಗೋದಾಮಿನ ಅರಿಶಿನದ ಬೆಲೆ ಹೆಚ್ಚುತ್ತದೆ, ಆದರೆ ಮಾರಿದ ಫ್ಯೂಚರ್ಸ್‌ನ ನಷ್ಟವನ್ನು ದಿನದಿನ ಹಣವಾಗಿಯೇ ಕಟ್ಟಬೇಕು. ಮೂರು ಲಾಟಿಗೆ 1,000 ರೂಪಾಯಿ ಏರಿಕೆ ಅಂದರೆ 1,50,000. ಅರಿಶಿನ ಮಾರುವ ಮೊದಲೇ ಅಷ್ಟು ಹೊಂದಿಸಲು ಆಗದಿದ್ದರೆ ಬ್ರೋಕರ್ ನಡುವೆಯೇ ಸೌದೆ ಮುಚ್ಚುತ್ತಾನೆ, ಹೆಡ್ಜ್ ಅರ್ಧಕ್ಕೆ ನಿಲ್ಲುತ್ತದೆ. ಈರೋಡಿನಲ್ಲಿ ಮಾಲು ಮಾರಿದ ದಿನವೇ ಫ್ಯೂಚರ್ಸ್ ವಾಪಸ್ ಕೊಂಡು ಮುಗಿಸಿ. ಕರಾರಿನ ಕೊನೆವರೆಗೂ ಬಿಟ್ಟರೆ ಮಾಲು ಒಪ್ಪಿಸುವ ಹೊಣೆ ನಿಮ್ಮ ಮೇಲೆ ಬರುತ್ತದೆ.

ಎರಡು ಟನ್ ಇರುವವರಿಗೆ ಬೇಕಾದದ್ದು 1.2 ಟನ್ ಮಾತ್ರ. ಒಂದು ಲಾಟ್ ಮಾರಿದರೂ ಬೇಕಾದ್ದರ ನಾಲ್ಕು ಪಟ್ಟು ಆಗುತ್ತದೆ. ಅಂಥವರು ಒಬ್ಬೊಬ್ಬರೇ ಇಳಿಯಬೇಡಿ. ರೈತ ಉತ್ಪಾದಕ ಕಂಪನಿಯಲ್ಲಿ ಎಲ್ಲರ ಅರಿಶಿನ ಒಟ್ಟುಗೂಡಿಸಿ, ಕಂಪನಿಯ ಹೆಸರಿನಲ್ಲೇ ಈ ಲೆಕ್ಕ ಹಾಕಿಸಿ.