ಮೊದಲ ಕಂತು ಯಾವತ್ತು? ಟೈಮ್ ವ್ಯಾಲ್ಯೂ ಲೆಕ್ಕದಲ್ಲಿ ಸೂತ್ರ ಆರಿಸುವ ಬಗೆ

ಕಳೆದ ತಿಂಗಳು ಈಸ್ಟ್ ಹ್ಯಾಮ್‌ನ ಹೈ ಸ್ಟ್ರೀಟ್ ನಾರ್ತ್‌ನಲ್ಲಿ ದೋಸೆ ತಿನ್ನುತ್ತಾ ಕೂತಿದ್ದಾಗ ಹಾಸನದ ಕಡೆಯ ಹುಡುಗನೊಬ್ಬ ಎಸಿಸಿಎ ಫೈನಾನ್ಶಿಯಲ್ ಮ್ಯಾನೇಜ್‌ಮೆಂಟ್ ಪೇಪರಿನ ಅಭ್ಯಾಸದ ಹಾಳೆಗಳನ್ನು ನನ್ನ ಮುಂದಿಟ್ಟ. ಹಿಂದಿನ ಸಲ ಅವನಿಗೆ 48 ಬಂದಿತ್ತು, ಪಾಸಾಗಲು 50 ಬೇಕು. ಮತ್ತೆ ಫೀಸು ಕಟ್ಟಬೇಕು, ಕೆಲಸಕ್ಕೆ ಮತ್ತೆ ರಜೆ ಹಾಕಬೇಕು. "ಸೂತ್ರ ಎಲ್ಲಾ ಬರುತ್ತೆ ಸರ್, ಯಾವುದು ಎಲ್ಲಿ ಹಾಕೋದು ಅಂತಾನೇ ಗೊತ್ತಾಗಲ್ಲ" ಎಂದ.

ಹಾಳೆ ನೋಡಿದೆ. ಕೂಡುವುದು, ಗುಣಿಸುವುದು ಎಲ್ಲ ಸರಿಯಿತ್ತು. ಅವನು ತಪ್ಪುತ್ತಿದ್ದದ್ದು ಪ್ರಶ್ನೆ ಓದುವಾಗ. ಅದರಲ್ಲೂ ಒಂದೇ ವಿಷಯದಲ್ಲಿ: ಮೊದಲ ಕಂತು ಯಾವತ್ತು ಬರುತ್ತದೆ?

ಒಂದು ಲೆಕ್ಕ ಹಿಡಿಯೋಣ. ವರ್ಷಕ್ಕೆ 5,000 ಪೌಂಡ್, ಒಟ್ಟು ಐದು ಕಂತು, ಬಡ್ಡಿ ದರ ಶೇ. 8. ಇಂದಿನ ಮೌಲ್ಯ ಎಷ್ಟು? ಪ್ರಶ್ನೆಯಲ್ಲಿ 'ಪ್ರತಿ ವರ್ಷದ ಕೊನೆಯಲ್ಲಿ' ಅಂತಿದ್ದರೆ, ಅಥವಾ ಏನೂ ಹೇಳದೆ ಬಿಟ್ಟಿದ್ದರೆ, ಮೊದಲ ಕಂತು ಇಂದಿನಿಂದ ಒಂದು ವರ್ಷಕ್ಕೆ. ಆನ್ಯುಯಿಟಿ ಟೇಬಲ್ ಇರುವುದೇ ಇಂಥ ಕಂತಿಗಾಗಿ. ಐದು ವರ್ಷದ ಫ್ಯಾಕ್ಟರ್ 3.993, ಉತ್ತರ 19,965 ಪೌಂಡ್.

'ಮೊದಲ ಕಂತು ಈಗಲೇ' ಅಂದರೆ ಲೆಕ್ಕ ಬೇರೆ. ಇಲ್ಲಿ ಬಾಡಿಗೆಗೆ ಇರುವವರಿಗೆ ಇದು ಬೇಗ ಹೊಳೆಯುತ್ತದೆ: ಬಾಡಿಗೆ ಮೊದಲೇ ಕೊಡಬೇಕು, ಸಾಲದ ಕಂತು ತಿಂಗಳು ಕಳೆದ ಮೇಲೆ. ಇಂದಿನ 5,000ಕ್ಕೆ ಡಿಸ್ಕೌಂಟ್ ಬೇಡ. ಉಳಿದ ನಾಲ್ಕಕ್ಕೆ ನಾಲ್ಕು ವರ್ಷದ ಫ್ಯಾಕ್ಟರ್ 3.312. ಅದಕ್ಕೆ 1 ಸೇರಿಸಿದರೆ 4.312, ಉತ್ತರ 21,560.

ಹುಡುಗ ಪದೇ ಪದೇ ಎಡವಿದ್ದು ಮೂರನೆಯ ಬಗೆಯಲ್ಲಿ: 'ಇಂದಿನಿಂದ ನಾಲ್ಕು ವರ್ಷಕ್ಕೆ ಶುರುವಾಗುವ ಐದು ಕಂತು'. ಅವನು 3.993 ತೆಗೆದುಕೊಂಡು, ನಾಲ್ಕು ವರ್ಷ ಅಂದಿದ್ದಾರಲ್ಲ ಅಂತ 4ನೇ ವರ್ಷದ ಡಿಸ್ಕೌಂಟ್ ಫ್ಯಾಕ್ಟರ್ 0.735ರಿಂದ ಗುಣಿಸಿದ್ದ. ಬಂದದ್ದು 14,674. ಸೊಗಸಾದ ತಪ್ಪು, ಏಕೆಂದರೆ ಪ್ರಶ್ನೆ ಬರೆದವರಿಗೂ ಇದು ಗೊತ್ತು, ಆಯ್ಕೆಗಳಲ್ಲಿ ಆ ಸಂಖ್ಯೆಯನ್ನೂ ಇಟ್ಟಿರುತ್ತಾರೆ. ಎರಡು ಅಂಕದ ಆಯ್ಕೆ ಪ್ರಶ್ನೆಯಲ್ಲಿ ವಿಧಾನಕ್ಕೆ ಅಂತ ಅರ್ಧ ಅಂಕವೂ ಇಲ್ಲ.

ತಪ್ಪು ಎಲ್ಲಿ? ಆನ್ಯುಯಿಟಿ ಫ್ಯಾಕ್ಟರ್ ಮೌಲ್ಯವನ್ನು ತಂದು ನಿಲ್ಲಿಸುವುದು ಮೊದಲ ಕಂತಿನ ದಿನಕ್ಕಲ್ಲ, ಅದಕ್ಕೂ ಒಂದು ವರ್ಷ ಹಿಂದಕ್ಕೆ. ಮೊದಲ ಕಂತು 4ರಲ್ಲಿದ್ದರೆ ಮೌಲ್ಯ ನಿಂತಿರುವುದು 3ರಲ್ಲಿ. ಅಲ್ಲಿಂದ ಇಂದಿಗೆ ತರಲು ಮೂರು ವರ್ಷ ಸಾಕು.

```
PV = 5,000 × 3.993 × 0.794 = 15,852
```

ನಂಬಿಕೆ ಬರದಿದ್ದರೆ ಇನ್ನೊಂದು ದಾರಿಯಲ್ಲಿ ತಾಳೆ ನೋಡಿ. ಕಂತುಗಳು 4ರಿಂದ 8ರವರೆಗೆ ಇವೆ. ಎಂಟು ವರ್ಷದ ಫ್ಯಾಕ್ಟರ್ 5.747ರಲ್ಲಿ, ಹಣ ಬಾರದ ಮೊದಲ ಮೂರು ವರ್ಷದ 2.577 ಕಳೆಯಿರಿ. ಉಳಿದದ್ದು 3.170, ಅಂದರೆ 15,850. ಎರಡು ಪೌಂಡ್ ವ್ಯತ್ಯಾಸ ಟೇಬಲ್‌ನ ಮೂರು ದಶಮಾಂಶದ್ದು, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ವ್ಯತ್ಯಾಸ ನೂರು, ಸಾವಿರದಲ್ಲಿದ್ದರೆ ಮಾತ್ರ ವರ್ಷ ಎಣಿಸಿದ್ದು ತಪ್ಪಿದೆ ಅಂತ ಅರ್ಥ.

ಕಂತು ಎಂದೆಂದಿಗೂ ಬರುವ ಪರ್ಪೆಚುಯಿಟಿಯಲ್ಲೂ ಇದೇ ಕಥೆ. 5,000 ಭಾಗಿಸು 0.08, ಅಂದರೆ 62,500. ಮೊದಲ ಕಂತು 4ರಲ್ಲಿದ್ದರೆ ಈ 62,500 ಕೂಡ 3ನೇ ವರ್ಷದ ಮೌಲ್ಯವೇ. 0.794ರಿಂದ ಗುಣಿಸಿದರೆ ಇಂದಿಗೆ 49,625. (ಹೀಗೆ ಅಸಲಿಗೆ ಗಡುವಿಲ್ಲದೆ ಬಡ್ಡಿ ಕೊಡುತ್ತಿದ್ದ ಬ್ರಿಟಿಷ್ ಸರ್ಕಾರದ ಕನ್ಸಾಲ್ ಬಾಂಡುಗಳು ನಿಜವಾಗಿಯೂ ಇದ್ದವು. 2015ರಲ್ಲಿ ಸರ್ಕಾರ ಅವನ್ನು ತೀರಿಸಿಬಿಟ್ಟಿತು.)

ಇನ್ನು 'ನಾಲ್ಕನೇ ವರ್ಷದ ಆರಂಭದಲ್ಲಿ' ಎಂಬ ಮಾತು. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಕೆಟ್ಟ ಬಲೆ ಇದು. ನಾಲ್ಕು ಎಂಬ ಅಂಕಿ ಕಣ್ಣಿಗೆ ಬಿದ್ದ ಕೂಡಲೇ ಕೈ 4ರ ಕಡೆಗೇ ಹೋಗುತ್ತದೆ. ಆದರೆ ನಾಲ್ಕನೇ ವರ್ಷ ಶುರುವಾಗುವುದು ಮೂರನೆಯದು ಮುಗಿದ ಗಳಿಗೆಯಲ್ಲಿ. ಮೊದಲ ಕಂತು 3ರಲ್ಲಿ, ಹಾಗಾಗಿ ಡಿಸ್ಕೌಂಟ್ ಎರಡೇ ವರ್ಷಕ್ಕೆ: 5,000 × 3.993 × 0.857, ಸುಮಾರು 17,110. ಮೇಲಿನ ಪ್ರಶ್ನೆಗೂ ಇದಕ್ಕೂ ಮಾತಿನ ವ್ಯತ್ಯಾಸ ಒಂದೆರಡು ಪದ, ಉತ್ತರದಲ್ಲಿ ಸಾವಿರದ ಮೇಲೆ.

ಹುಡುಗನಿಗೆ ಒಂದೇ ಕೆಲಸ ಕೊಟ್ಟೆ. ಹಳೆಯ ಪ್ರಶ್ನೆಗಳಲ್ಲಿ ಹತ್ತನ್ನು ತೆಗೆದುಕೊಂಡು ಉತ್ತರ ಬಿಡಿಸದೆ, ಕ್ಯಾಲ್ಕುಲೇಟರ್ ಮುಟ್ಟದೆ, ಪ್ರತಿಯೊಂದರ ಪಕ್ಕದಲ್ಲಿ ಮೊದಲ ಕಂತಿನ ವರ್ಷ, ಕೊನೆಯ ಕಂತಿನ ವರ್ಷ ಎರಡನ್ನೇ ಬರೆಯಬೇಕು. ಕೊನೆಯದರಲ್ಲಿ ಮೊದಲನೆಯದನ್ನು ಕಳೆದು ಒಂದು ಸೇರಿಸಿದರೆ ಕಂತಿನ ಸಂಖ್ಯೆ ಬರಬೇಕು. ಬರದಿದ್ದರೆ ಮತ್ತೆ ಓದಬೇಕು. ಮುಂದಿನ ಶನಿವಾರ ತಂದು ತೋರಿಸಿದ. ಹತ್ತರಲ್ಲಿ ಎಂಟು ಸರಿ. ತಪ್ಪಿದ ಎರಡರಲ್ಲೂ 'ಆರಂಭದಲ್ಲಿ' ಎಂಬ ಪದವಿತ್ತು.